ಫೋನಲ್ಲಿ ಸದ್ದಿಲ್ಲ ಅಂದ್ರೆ ಲೈನ್ ಕಟ್ಟಾಗಿಲ್ಲ, ನಾನು ಮಾತಾಡ್ತಿದೀನಿ

ಸುಂಟಿಕೊಪ್ಪದ ಹತ್ರ ನಮ್ದು ಆರು ಎಕರೆ ತೋಟ, ಜಾಸ್ತಿ ರೊಬಸ್ಟಾ, ಮರಗಳಿಗೆ ಹಬ್ಬಿರೋ ಕಾಳುಮೆಣಸು. ಚಿಕ್ಕಂದಿನಿಂದ ನಂಗೆ ಉಗ್ಗು ಇದೆ. ನಂದು ಒಂದೇ ಅಕ್ಷರ ಮತ್ತೆ ಮತ್ತೆ ಬರೋ ಥರದ್ದಲ್ಲ, ಪದದ ಬಾಗಿಲಲ್ಲೇ ಗಂಟಲು ಬಿಗಿದು ಸದ್ದೇ ಹೊರಡದೆ ನಿಂತುಬಿಡೋದು. ಅದ್ರಲ್ಲೂ 'ಕ' ಬಂದ್ರೆ ಕಷ್ಟ. ಬೇರೆ ಪದ ಆಗಿದ್ರೆ ಬದಲಾಯಿಸಿ ಹೇಳಿ ದಾಟ್ಕೋಬಹುದು, ಎಷ್ಟೋ ವರ್ಷ ಹಾಗೇ ಮಾಡಿದೀನಿ, ಆದ್ರೆ ಕಾಫಿ ಮಾರೋನು ಕಾಫಿ, ಕೊಡಗು, ಕೆಜಿ ಅನ್ನೋದಕ್ಕೆ ಬದಲಿ ಪದ ಎಲ್ಲಿಂದ ತರ್ಲಿ?

ಮೊದ್ಲೆಲ್ಲಾ ಹೆಚ್ಚುಕಮ್ಮಿ ಪೂರ್ತಿ ಬೆಳೆ ಊರಿನ ವ್ಯಾಪಾರಿಗೇ ಕೊಡ್ತಿದ್ದೆ, ಅಲ್ಲಿ ಮಾತೇ ಬೇಡ, ತೂಕ ಹಾಕಿ ಅವತ್ತಿನ ರೇಟ್ ಕೊಡ್ತಾರೆ. ಒಂದು ವರ್ಷ ಎರಡು ಮೂಟೆ, ಅಂದ್ರೆ 100 ಕೆಜಿ, ಹಣ್ಣು ಮಾತ್ರ ಆರಿಸಿ ಪಲ್ಪ್ ಮಾಡಿ, ಅಂದ್ರೆ ಸಿಪ್ಪೆ ತೆಗೆದು, ತೊಳೆದು ಬೇರೆಯಾಗೇ ಒಣಗಿಸಿ ಇಟ್ಟೆ, ಬೆಂಗಳೂರಲ್ಲಿ ತಾವೇ ಹುರಿದು ಮಾರೋ ಸಣ್ಣ ರೋಸ್ಟರ್‌ಗಳಿಗೆ ನೇರವಾಗಿ ಕೊಡೋಣ ಅಂತ. ಒಬ್ರಿಗೆ ಫೋನ್ ಮಾಡಿದೆ. "ನಮಸ್ಕಾರ ಸರ್" ಬಂತು, ಆಮೇಲೆ "ಕೊಡಗಿಂದ" ಅನ್ನೋದು ಬರ್ಲೇ ಇಲ್ಲ. ಆ ಕಡೆಯಿಂದ ಹಲೋ, ಹಲೋ, ಕೇಳ್ತಿಲ್ಲ ಅಂತ ಅಂದು ಕಟ್ ಮಾಡಿದ್ರು. ಅವರ ತಪ್ಪಿಲ್ಲ, ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತೆ ಅಂತ ಎಲ್ರಿಗೂ ಗೊತ್ತು, ಸದ್ದು ನಿಂತ್ರೆ ಸಿಗ್ನಲ್ ಹೋಯ್ತು ಅಂತಾನೇ ಅಂದ್ಕೋತಾರೆ. ಮೂರು ಸಲ ಮಾಡಿದೆ, ಮೂರು ಸಲಾನೂ ಅದೇ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕೆಲವು ತಿಂಗಳು ಹೋಗಿದ್ದೆ, ಅಲ್ಲಿ ಥೆರಪಿ ಮಾಡ್ತಿದ್ದ ಮೇಡಮ್ಮು ಒಂದು ಮಾತು ಹೇಳಿದ್ರು, ನಿಮ್ಮ ಥರದ ಉಗ್ಗು ಎದುರಿಗಿರೋರಿಗೆ ಉಗ್ಗು ಅಂತಾನೇ ಗೊತ್ತಾಗಲ್ಲ, ನೀವೇ ಮೊದಲು ಹೇಳ್ಬಿಡಿ ಅಂತ. ಸರಿ, ವಾಟ್ಸಾಪಲ್ಲಿ ಹೇಳೋಣ ಅಂತ ಬರ್ದೆ. ನನ್ನ ಮೊದಲ ಮೆಸೇಜ್ "ಕ್ಷಮಿಸಿ ಸರ್, ನಂಗೆ ಮಾತಾಡಕ್ಕೆ ಸ್ವಲ್ಪ ತೊಂದ್ರೆ ಇದೆ" ಅಂತ ಶುರು ಆಗ್ತಿತ್ತು, ಕಾಫಿ ವಿಷಯ ಕೊನೇಲಿ. ಒಬ್ರು "ಗೆಟ್ ವೆಲ್ ಸೂನ್" ಅಂತ ಹಾಕಿದ್ರು, ಇನ್ನೊಬ್ರು ಮನೇಲಿ ಬೇರೆ ಯಾರಿಗಾದ್ರೂ ಫೋನ್ ಕೊಡಿ ಅಂದ್ರು. ಆಗ ಅರ್ಥ ಆಯ್ತು, ಕ್ಷಮೆಯಿಂದ ಶುರು ಮಾಡಿದ್ರೆ ಓದೋರು ಅದಕ್ಕೇ ಉತ್ತರ ಕೊಡ್ತಾರೆ, ಕಾಫಿಗಲ್ಲ. ಅದೂ ಅಲ್ದೆ 'ತೊಂದ್ರೆ ಇದೆ' ಅಂದ್ರೆ ಅವರು ಏನು ಮಾಡ್ಬೇಕು ಅಂತ ನಾನು ಹೇಳೇ ಇರ್ಲಿಲ್ಲ. ಬದಲಾಯಿಸಿದ ಮೆಸೇಜ್ ಇದು, ಇವತ್ತಿಗೂ ಇದನ್ನೇ ಕಳಿಸ್ತೀನಿ:

"ನಮಸ್ಕಾರ ಸರ್. ಸುಂಟಿಕೊಪ್ಪದ ಹತ್ರ ನಮ್ಮ ತೋಟ. ವಾಶ್ಡ್ ರೊಬಸ್ಟಾ 100 ಕೆಜಿ ಇದೆ, ಹಣ್ಣು ಮಾತ್ರ ಆರಿಸಿದ್ದು, ಮಾಯಿಶ್ಚರ್ 10.5 ಪರ್ಸೆಂಟ್. 300 ಗ್ರಾಂ ಸ್ಯಾಂಪಲ್ ಕಳಿಸ್ಲಾ? ನಂಗೆ ಉಗ್ಗು ಇದೆ, ಅದಕ್ಕೆ ರೇಟು ಲೆಕ್ಕ ಎಲ್ಲಾ ಇಲ್ಲೇ ಬರೆಯೋಣ. ನೀವು ಫೋನ್ ಮಾಡಿದ್ರೆ ಮಾತಾಡ್ತೀನಿ, ಮಧ್ಯೆ ಸದ್ದು ನಿಲ್ಲಬಹುದು, ಲೈನ್ ಕಟ್ಟಾಗಿರಲ್ಲ, ಕಾಯಿರಿ. ನನ್ನ ಪದ ನೀವು ಪೂರ್ತಿ ಮಾಡ್ಬೇಡಿ."

ಮೊದಲು ಕಾಫಿ, ಆಮೇಲೆ ಉಗ್ಗು, ಆಮೇಲೆ ಅವರು ಮಾಡಬೇಕಾದ್ದು. ಆರು ಜನಕ್ಕೆ ಕಳಿಸಿದೆ, ಮೂರು ಜನ ಅಡ್ರೆಸ್ ಕೊಟ್ಟು ಸ್ಯಾಂಪಲ್ ಕಳಿಸಿ ಅಂದ್ರು, ಉಳಿದೋರು ಉತ್ರ ಕೊಡ್ಲಿಲ್ಲ.

ಮೆಸೇಜಿನ ಆ ಕೊನೇ ಸಾಲು ಯಾಕೆ ಸೇರಿಸಿದೆ ಅಂದ್ರೆ ಅದಕ್ಕೊಂದು ಕಥೆ ಇದೆ. ಅದಕ್ಕೂ ಹಿಂದೆ ಒಬ್ಬ ಪರಿಚಯದ ವ್ಯಾಪಾರಿ ಮನೆಗೇ ಬಂದು ರೇಟ್ ಎಷ್ಟು ಹೇಳು ಅಂದಾಗ ನಾನು ಹೇಳಕ್ಕೆ ಹೊರಟಿದ್ದು ನಾನೂರ ಮೂವತ್ತು. "ನಾ" ಅಂದೆ, ನಿಂತೆ. ಅವರು ಪಾಪ ಸಹಾಯ ಮಾಡೋಣ ಅಂತಾನೇ "ನಾನೂರಾ?" ಅಂದ್ರು. ಉಗ್ಗು ಇರೋರಿಗೆ ಈ ಗಳಿಗೆ ಗೊತ್ತಿರುತ್ತೆ, ಅಲ್ಲ ಅಂತ ಹೇಳಿ ಮತ್ತೆ ಮೊದಲಿಂದ ಶುರು ಮಾಡೋದಕ್ಕಿಂತ ತಲೆ ಆಡಿಸಿಬಿಡೋದು ಸುಲಭ ಅನ್ಸುತ್ತೆ. ಆಡಿಸಿದೆ. ಕೆಜಿಗೆ 30 ರೂಪಾಯಿ, ಅವತ್ತು ಕೊಟ್ಟ 100 ಕೆಜಿಗೆ 3000 ಹೋಯ್ತು, ದುಡ್ಡಿಗಿಂತ ಅವತ್ತು ರಾತ್ರಿ ನಿದ್ದೆ ಬರದೇ ಇದ್ದಿದ್ದೇ ಜಾಸ್ತಿ. ಅವತ್ತಿಂದ ಅಂಕಿ ಯಾವುದೇ ಇರ್ಲಿ, ಬರೆದೇ ಕಳಿಸೋದು, ಮಾತಲ್ಲಿ ಬಂದ್ರೂ ಆಮೇಲೆ ಒಂದು ಸಲ ಬರೀತೀನಿ.

ಸ್ಯಾಂಪಲ್ ತಗೊಂಡೋರಲ್ಲಿ ಒಬ್ರು ಬೆಂಗಳೂರಿಗೆ ಬನ್ನಿ, ಬೆಳೆಗಾರರ ಒಂದು ಕಾರ್ಯಕ್ರಮ ಇದೆ, ಎಲ್ರೂ ಸಿಗ್ತಾರೆ ಅಂದ್ರು. ಅಂಥ ಕಡೆ ನಾನು ಮೊದ್ಲೇ ಹೋಗಿ ನೋಡಿದೀನಿ, ಮೈಕ್ ಒಬ್ಬೊಬ್ರ ಕೈಗೆ ಹೋಗ್ತಾ ನಿಮ್ಮ ಹೆಸರು ಊರು ಹೇಳಿ ಅಂತಾರೆ, ನನ್ನ ಸರದಿ ಹತ್ರ ಬರೋಷ್ಟರಲ್ಲಿ ಪಕ್ಕದೋರು ಏನು ಹೇಳಿದ್ರು ಅಂತಾನೂ ಕಿವಿಗೆ ಬಿದ್ದಿರಲ್ಲ. ಅದಕ್ಕೆ ಕೇಳ್ದೆ, ಅದರ ಬದಲು ನಿಮ್ಮ ಅಂಗಡೀಲೇ ಕಪ್ಪಿಂಗ್ ಇಟ್ಕೊಳ್ಳೋಣ್ವಾ, ನೀವು, ಇನ್ನಿಬ್ರು, ಸಾಕು ಅಂತ. ಒಪ್ಪಿದ್ರು.

ಕಪ್ಪಿಂಗ್ ಅಂದ್ರೆ ಕಾಫಿಯ ರುಚಿ ಪರೀಕ್ಷೆ, ನೋಡದೇ ಇರೋರಿಗೆ ಹೇಳ್ತೀನಿ, 150 ಎಂಎಲ್ ಬಟ್ಟಲಿಗೆ ಎಂಟು ಗ್ರಾಂ ಚಿಲ್ಲರೆ ಪುಡಿ, ಕುದಿಯೋದಕ್ಕಿಂತ ಸ್ವಲ್ಪ ಕಮ್ಮಿ ಬಿಸಿ ನೀರು ಹಾಕಿ ನಾಲ್ಕು ನಿಮಿಷ ಬಿಡೋದು, ಮೇಲೆ ಕಟ್ಟಿದ ಪದರ ಚಮಚದಲ್ಲಿ ಒಡೆದು ಮೂಸೋದು, ನೊರೆ ತೆಗೆದು ತಣ್ಣಗಾಗ್ತಾ ಇದ್ದಂಗೆ ಸೊರ್ ಅಂತ ಹೀರಿ ಉಗಿಯೋದು. ಮಾತು ಬೇಡ. ಒಬ್ರು ಹೇಳಿದ್ರೆ ಇನ್ನೊಬ್ರ ನಾಲಿಗೇನೂ ಅದನ್ನೇ ಹುಡುಕುತ್ತೆ ಅಂತ ಎಲ್ರೂ ಮೊದ್ಲು ಸುಮ್ನೆ ಹಾಳೆಯಲ್ಲಿ ಬರೀತಾರೆ. ಅರ್ಧ ಗಂಟೆ ಹೆಚ್ಚುಕಮ್ಮಿ ನಾಲ್ಕು ಜನಾನೂ ಸುಮ್ನಿದ್ವಿ, ಆಮೇಲೆ ಮಾತು ಶುರು ಆದಾಗ ಎಲ್ರ ಮುಂದೆ ಒಂದೇ ಬಟ್ಟಲು, ನನ್ನ ಹಾಳೆ ಕೈಯಲ್ಲಿತ್ತು, ಮಾತು ನಿಂತಲ್ಲಿ ಅದನ್ನ ತೋರಿಸ್ದೆ. "ಕ-" ಅಂತ ಒಂದು ಕಡೆ ಬಹಳ ಹೊತ್ತು ನಿಂತೆ, ಕಣದಲ್ಲಿ ಎಷ್ಟು ದಿನ ಒಣಗಿಸ್ದೆ ಅಂತ ಹೇಳಕ್ಕೆ. ಮೂರು ಜನಾನೂ ಕಾದ್ರು. ಮೆಸೇಜ್ ಓದಿದ್ರಲ್ಲ, ಅದಕ್ಕೆ.

ಬರೆಯೋದ್ರಲ್ಲಿ ಒಂದು ಅಪಾಯನೂ ಇದೆ. ಬೆರಳಿಗೆ ರೂಢಿ ಆದ್ರೆ ಬಾಯಿ ಮುಚ್ಚಿಬಿಡುತ್ತೆ. ಎರಡನೇ ವರ್ಷ ನಾನು ಬಂದ ಫೋನನ್ನೂ ಎತ್ತದೆ "ಮೆಸೇಜ್ ಮಾಡಿ" ಅಂತ ಹಾಕಕ್ಕೆ ಶುರು ಮಾಡಿದ್ದೆ, ಆರು ತಿಂಗಳಾದ್ಮೇಲೆ ಮನೇಲಿ ಅಕ್ಕನ ಫೋನೂ ಎತ್ತಕ್ಕೆ ಎದೆ ಹೊಡ್ಕೋತಿತ್ತು. ಈಗ ಮೊದಲ ಪರಿಚಯ, ರೇಟು, ತೂಕ ಬರವಣಿಗೇಲಿ, ಪರಿಚಯ ಆದೋರ ಫೋನ್ ಮಾತ್ರ ಎತ್ತಲೇಬೇಕು ಅಂತ ಇಟ್ಕೊಂಡಿದೀನಿ. ದೊಡ್ಡ ಸಭೆಗೆ ಹೋಗ್ಲೇಬೇಕಾದ್ರೆ ನಡೆಸೋರಿಗೆ ಹಿಂದಿನ ದಿನ ಬರೀತೀನಿ, ಪರಿಚಯದ ಸರದೀಲಿ ನನ್ನ ಮೊದಲೇ ಕರೀರಿ ಅಂತ. ಕಾಯೋದೇ ಇರಲ್ಲ, ಅರ್ಧ ಭಾರ ಅಲ್ಲೇ ಇಳಿಯುತ್ತೆ.

ಅವತ್ತಿನ ಕಪ್ಪಿಂಗ್ ಮಾಡಿಸಿದ ರೋಸ್ಟರ್ 60 ಕೆಜಿ ತಗೊಂಡ್ರು, ನನ್ನ ಮೆಸೇಜನ್ನೇ ಇನ್ನಿಬ್ರಿಗೆ ಫಾರ್ವರ್ಡ್ ಮಾಡಿದ್ರು, ಕೆಳಗೆ "ಫೋನಲ್ಲಿ ಕಾಯಿರಿ, ಕಾಫಿ ಚೆನ್ನಾಗಿದೆ" ಅಂತ ತಾವೇ ಸೇರಿಸಿ. ಅದ್ರಲ್ಲಿ ಒಬ್ರು ಮಡಿಕೇರಿಗೆ ಬಂದಾಗ ಭೇಟಿ ಮಾಡೋಣ ಅಂತ ಬರೆದ್ರು, ಹಿಂದೇನೇ ಇನ್ನೊಂದು ಮೆಸೇಜ್: "ನಂಗೂ ಎಡಗಿವಿ ಕೇಳಲ್ಲ. ಗದ್ದಲದ ಹೋಟ್ಲು ಬೇಡ, ನಿಮ್ಮ ತೋಟಕ್ಕೇ ಬರ್ತೀನಿ, ನೀವು ನನ್ನ ಬಲಗಡೆ ನಡೀರಿ." ಭಾನುವಾರ ಬಂದ್ರು. ಪಲ್ಪರ್ ಆಫ್ ಮಾಡಿಸಿ ಅವರ ಬಲಗಡೆ ನಿಂತು ಕಣ ತೋರಿಸ್ದೆ, ಉಳಿದ 40 ಕೆಜಿಯ ರೇಟನ್ನ ಅವರು ಫೋನಲ್ಲಿ ಟೈಪ್ ಮಾಡಿ ನನ್ನ ಮುಂದೆ ಹಿಡಿದ್ರು.