ಅಣಬೆ ನೀರು ಬಿಟ್ಟು ಕೆಡಬಾರದು ಅಂದರೆ ಮೊದಲು ನೀವೇ ನೀರು ಹಾಕಿ

ಮುಂಬೈಗೆ ಬಂದು ರೂಮ್ ಮಾಡಿ, ಎರಡು ಒಲೆಯ ಗ್ಯಾಸ್ ಇಟ್ಟುಕೊಂಡ ನಮ್ಮ ಕಡೆಯವರು ಒಂದಲ್ಲ ಒಂದು ದಿನ ಅಣಬೆ ತಂದೇ ತರುತ್ತಾರೆ. ಇಲ್ಲಿ ಸ್ಟೇಷನ್ ಹೊರಗಿನ ಭಾಜಿವಾಲಾ ಹತ್ತಿರವೂ ಸಿಗುತ್ತದೆ. 200 ಗ್ರಾಮಿನ ಡಬ್ಬಿ, ಮೇಲೆ ಪ್ಲಾಸ್ಟಿಕ್ ಹಾಳೆ. ಸಿಪ್ಪೆ ಸುಲಿಯೋ ಕೆಲಸವಿಲ್ಲ, ನೆನೆಸೋದಿಲ್ಲ, ಆಫೀಸಿನಿಂದ ರಾತ್ರಿ ಒಂಬತ್ತಕ್ಕೆ ಬಂದವರಿಗೆ ಇನ್ನೇನು ಬೇಕು ಅಲ್ವಾ. ಆದರೆ ಊರಲ್ಲಿ ನಾವು ಅಣಬೆ ತಿಂದಿದ್ದು ಹೆಚ್ಚಾಗಿ ಸಾರಿನಲ್ಲಿ, ಮಸಾಲೆ ಗೊಜ್ಜಿನಲ್ಲಿ. ಅದರಲ್ಲಿ ನೀರು ಬಿಟ್ಟರೂ ಗೊತ್ತಾಗುವುದಿಲ್ಲ. ಚಪಾತಿಗೋ ಪಾವ್‌ಗೋ ಅಂತ ಒಣ ಪಲ್ಯ ಮಾಡಲು ಹೋದಾಗಲೇ ಕೈ ಕೊಡುತ್ತದೆ.

ಕಳೆದ ಮಳೆಗಾಲದಲ್ಲಿ ದಾವಣಗೆರೆಯ ಒಬ್ಬ ಹುಡುಗ, ಮುಂಬೈ ಪಕ್ಕದ ಠಾಣೆ ಊರಿಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, ರಾತ್ರಿ ಫೋನ್ ಮಾಡಿದ. "ಅಕ್ಕಾ, ಪಲ್ಯ ಮಾಡೋಣ ಅಂತಿದ್ದೆ, ಸೂಪ್ ಆಗಿಬಿಟ್ಟಿದೆ" ಅಂದ. ಏನೇನು ಮಾಡಿದೆ ಹೇಳು ಅಂದೆ. ಎರಡು ಡಬ್ಬಿ ಅಣಬೆ, ಚಿಕ್ಕ ಬಾಣಲೆ, ಜತೆಗೆ ಈರುಳ್ಳಿ, ಟೊಮೆಟೊ, ಉಪ್ಪು ಎಲ್ಲ ಒಟ್ಟಿಗೆ, ಸಣ್ಣ ಉರಿ, ಮೇಲೆ ಮುಚ್ಚಳ. ಬೂದು ಬಣ್ಣದ ನೀರು, ಅದರಲ್ಲಿ ತೇಲುವ ತುಂಡುಗಳು, ಕಚ್ಚಿದರೆ ಹಲ್ಲಿನ ಕೆಳಗೆ ಕಿಚ್ ಕಿಚ್ ಅಂತ ಜಾರುತ್ತವಂತೆ. ಇಷ್ಟು ತಪ್ಪನ್ನು ಒಂದೇ ಬಾಣಲೆಯಲ್ಲಿ ಮಾಡುವುದೂ ಸುಲಭವಲ್ಲ! ಟೊಮೆಟೊ ಹಾಕಿ ಆಗಿತ್ತು, ಇನ್ನು ಅದು ಕೆಂಪಗಾಗುವ ಮಾತಿಲ್ಲ. ಖಾರದಪುಡಿ, ಕೊಬ್ಬರಿ ಹಾಕಿ ಗೊಜ್ಜು ಮಾಡಿ ತಿನ್ನು, ಇನ್ನೊಂದು ಸಲಕ್ಕೆ ಹೇಳಿಕೊಡುತ್ತೇನೆ ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರಣ ತಿಳಿದುಕೊಳ್ಳಿ. ಅಣಬೆಯ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. 200 ಗ್ರಾಂ ಡಬ್ಬಿ ಅಂದರೆ ಸುಮಾರು 180 ಗ್ರಾಂ ನೀರು ಮನೆಗೆ ತಂದ ಹಾಗೆ. ಬಿಸಿ ತಗುಲಿದ ಕೂಡಲೇ ಅದು ಹೊರಗೆ ಬರಲು ಶುರು ಮಾಡುತ್ತದೆ. ಬಾಣಲೆಯ ತಳದಲ್ಲಿ ನೀರು ನಿಂತಿರುವ ತನಕ ಅಣಬೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪಗಾಗಿ ಹುರಿದ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಹಾಗಾಗಿ ನೀರು ಇರುವಷ್ಟು ಹೊತ್ತು ನೀವು ಎಷ್ಟೇ ತಿರುವಿ, ಅದು ಬೇಯುತ್ತದೆ, ಹುರಿಯುವುದಿಲ್ಲ. ರಬ್ಬರ್ ಅನ್ನಿಸುವುದು ಈ ಅರ್ಧದಲ್ಲಿ ಇಳಿಸಿದಾಗಲೇ. ಒಳಗಿನ ಗಾಳಿ ಹೋಗಿ ತುಂಡು ಬಿಗಿಯಾಗಿರುತ್ತದೆ, ಹೊರಗೆ ಮಾತ್ರ ಗರಿಗರಿ ಏನೂ ಬಂದಿರುವುದಿಲ್ಲ.

"ಜಾಸ್ತಿ ಬೆಂದರೆ ಮುದ್ದೆಯಾಗುತ್ತದೆ" ಅಂತ ಹೆದರಿ ಬೇಗ ಇಳಿಸುವವರೇ ಹೆಚ್ಚು. ಅದು ಸೋರೆಕಾಯಿ, ಬದನೆಕಾಯಿಯ ಲೆಕ್ಕ. ಅಣಬೆಯ ಗೋಡೆ ಕಟ್ಟಿರುವುದು ಚಿಟಿನ್‌ನಿಂದ, ಸಿಗಡಿ ಸಿಪ್ಪೆ, ಏಡಿ ಚಿಪ್ಪಿನಲ್ಲಿ ಇರುವುದೂ ಅದೇ. ಒಲೆಯ ಬಿಸಿಗೆ ಅದು ಕರಗುವುದಿಲ್ಲ. ಹತ್ತು ನಿಮಿಷ ಜಾಸ್ತಿ ಬೆಂದರೂ ಏನೂ ಆಗುವುದಿಲ್ಲ, ಧೈರ್ಯವಾಗಿ ಬಿಡಿ.

ಈಗ ಒಂದು ಡಬ್ಬಿಯ ಲೆಕ್ಕ. ಅಣಬೆಯನ್ನು ನಲ್ಲಿಯ ಕೆಳಗೆ ಬೇಗ ತೊಳೆದು ಬಟ್ಟೆಯಲ್ಲಿ ಒರೆಸಿ. ಅಷ್ಟಕ್ಕೆ ಅದು ನೀರು ಕುಡಿಯುವುದಿಲ್ಲ, ಪಾತ್ರೆಯಲ್ಲಿ ಮುಳುಗಿಸಿ ಇಡಬೇಡಿ ಅಷ್ಟೇ. ಚಿಕ್ಕದಾದರೆ ಎರಡು, ದೊಡ್ಡದಾದರೆ ನಾಲ್ಕು ಭಾಗ ಮಾಡಿ. ತೆಳ್ಳಗೆ ಹೆಚ್ಚಿದರೆ ಕೊನೆಗೆ ಒಣಗಿದ ಚೂರುಗಳು ಉಳಿಯುತ್ತವೆ. ಗುಂಡಿಯಾದ ಬಾಣಲೆಗಿಂತ ದೋಸೆ ಹುಯ್ಯುವಂಥ ಅಗಲ ತಳದ್ದು ಒಳ್ಳೆಯದು.

ಅಣಬೆ ಹಾಕಿ, ಮೂರು ನಾಲ್ಕು ಚಮಚ ನೀರು ಹಾಕಿ. ಹೌದು, ನೀರೇ. ಎಣ್ಣೆ ಬೇಡ, ಉಪ್ಪು ಬೇಡ, ಮುಚ್ಚಳ ಬೇಡ. ಉರಿ ಪೂರ್ತಿ ಮಾಡಿ. ಹಸಿ ಅಣಬೆಯ ಒಳಗೆಲ್ಲ ಗಾಳಿಯ ಸಣ್ಣ ಗೂಡುಗಳು, ಸ್ಪಂಜಿನ ಹಾಗೆ. ಮೊದಲೇ ಎಣ್ಣೆ ಹಾಕಿದರೆ ಎಣಗಾಯಿಯ ಬದನೆಕಾಯಿಯಂತೆ ಗಟಗಟ ಕುಡಿದುಬಿಡುತ್ತದೆ, ನೀವು ಇನ್ನೂ ಸುರಿಯುತ್ತೀರಿ, ಕೊನೆಗೆ ಅದೆಲ್ಲ ತಟ್ಟೆಗೆ ಬರುತ್ತದೆ. ನೀರು ಕುದಿದರೆ ಆವಿಗೆ ಆ ಗೂಡುಗಳು ಕುಸಿಯುತ್ತವೆ, ಅಣಬೆ ಕುಗ್ಗಿ ತನ್ನ ನೀರನ್ನೂ ಬೇಗ ಬಿಡುತ್ತದೆ. ಎರಡು ಮೂರು ನಿಮಿಷಕ್ಕೆ ಬಾಣಲೆ ತುಂಬಾ ನೀರು ಕಾಣುತ್ತದೆ. ಗಾಬರಿ ಬೇಡ. ಚೆಲ್ಲಲೂ ಬೇಡಿ, ರುಚಿ ಅದರಲ್ಲೇ ಇದೆ.

ಇಲ್ಲಿಂದ ಕಿವಿ ಕೊಟ್ಟು ಕೇಳಿ. ನೀರಿದ್ದಾಗ ಬುಳುಬುಳು ಅನ್ನುತ್ತಿರುತ್ತದೆ. ಆರೇಳು ನಿಮಿಷಕ್ಕೆ ಸದ್ದು ತೆಳುವಾಗಿ ಚುರ್ ಚುರ್ ಅನ್ನುತ್ತದೆ, ತಳದಲ್ಲಿ ಕಂದು ಅಂಟು ಹಿಡಿಯಲು ಶುರುವಾಗುತ್ತದೆ. ನೀರು ಮುಗಿಯಿತು ಅಂತ ಅರ್ಥ. ಗಡಿಯಾರಕ್ಕಿಂತ ಈ ಸದ್ದನ್ನು ನಂಬಿ, ಒಬ್ಬೊಬ್ಬರ ಒಲೆ ಒಂದೊಂದು ಥರ. ಈಗ ಎರಡು ಚಿಕ್ಕ ಚಮಚ ಎಣ್ಣೆ ಬಿಟ್ಟು ಉರಿ ಸ್ವಲ್ಪ ಇಳಿಸಿ, ತುಂಡುಗಳ ಕತ್ತರಿಸಿದ ಮೈ ತಳಕ್ಕೆ ತಾಗುವ ಹಾಗೆ ಹರಡಿ. ಆಮೇಲೆ ಒಂದೂವರೆ ನಿಮಿಷ ಸುಮ್ನೆ ಬಿಡಿ. ಇದೇ ಕಷ್ಟದ ಕೆಲಸ, ಚಿತ್ರಾನ್ನ ಕಲಸುವ ಕೈ ಸುಮ್ಮನಿರುವುದಿಲ್ಲ. ಒಂದು ತುಂಡು ಮಗುಚಿ ನೋಡಿ. ಬೆಲ್ಲದ ಬಣ್ಣ ಬಂದಿದ್ದರೆ ಎಲ್ಲ ಮಗುಚಿ, ಇಲ್ಲದಿದ್ದರೆ ಇನ್ನೂ ಅರ್ಧ ನಿಮಿಷ. ಒಟ್ಟು ನಾಲ್ಕೈದು ನಿಮಿಷ. ಈಗ ಉಪ್ಪು, ಜಜ್ಜಿದ ಕರಿಮೆಣಸು, ಕರಿಬೇವು, ಬೆಳ್ಳುಳ್ಳಿ. ಬೆಳ್ಳುಳ್ಳಿ ಮೊದಲೇ ಹಾಕಿದರೆ ಸೀಯುತ್ತದೆ. ತುಂಬಿದ್ದ ಬಾಣಲೆ ಈಗ ಒಂದು ಹಿಡಿಯಷ್ಟಾಗಿರುತ್ತದೆ, ಇಬ್ಬರಿಗೆ ಎರಡು ಡಬ್ಬಿ ತನ್ನಿ.

ಈರುಳ್ಳಿ ಬೇಕಾದರೆ ಬೇರೆ ಹುರಿದು ಕೊನೆಗೆ ಸೇರಿಸಿ. ಮಸಾಲೆ ಗ್ರೇವಿ ಮಾಡುವುದಾದರೂ ಅಣಬೆಯನ್ನು ಹೀಗೇ ಕೆಂಪಗೆ ಹುರಿದು ತೆಗೆದಿಟ್ಟು, ಗ್ರೇವಿ ಆದ ಮೇಲೆ ಬೆರೆಸಿ.

ಕೊಳ್ಳುವಾಗ ಡಬ್ಬಿಯ ಹಾಳೆಯ ಒಳಗಡೆ ನೋಡಿ. ಇಲ್ಲಿಯ ಜುಲೈ ತಿಂಗಳಲ್ಲಿ ಅದರ ತುಂಬಾ ಹನಿ ನಿಂತಿರುತ್ತದೆ, ಆ ನೀರಲ್ಲಿ ಅಣಬೆ ಲೋಳೆಯಾಗುತ್ತದೆ. ಅಂಥದ್ದು ಬೇಡ. ಮನೆಗೆ ತಂದ ಮೇಲೆ ಹಾಳೆ ಕಿತ್ತು, ಪೇಪರ್ ಚೀಲದಲ್ಲಿ ಫ್ರಿಜ್‌ನಲ್ಲಿಡಿ. ಒಂದು ದಿನ ಹಾಗೆ ಇದ್ದು ಮೈ ಸ್ವಲ್ಪ ಒಣಗಿದ್ದು ಇನ್ನೂ ಬೇಗ ಕೆಂಪಗಾಗುತ್ತದೆ. ಗೋವಾದಲ್ಲಿ ಇರುವವರಿಗೆ ಮಳೆಗಾಲದಲ್ಲಿ ರಸ್ತೆ ಬದಿ ಸಿಗುವ ಕಾಡಿನ ಅಣಬೆಯನ್ನು ಮಾತ್ರ ಹೀಗೆ ಹುರಿಯಬೇಡಿ, ಅದು ತೆಂಗಿನಕಾಯಿ ಮಸಾಲೆಗೇ ಚೆಂದ. ನೀವೇ ಗುಡ್ಡಕ್ಕೆ ಹೋಗಿ ಕಿತ್ತು ತರುವ ಸಾಹಸವಂತೂ ಬೇಡವೇ ಬೇಡ.

ಹುರಿದಾದ ಮೇಲೆ ತಟ್ಟೆ ಮುಚ್ಚಬೇಡಿ, ತನ್ನ ಆವಿಗೇ ಮತ್ತೆ ಮೆತ್ತಗಾಗುತ್ತದೆ. ಬೆಳಿಗ್ಗೆ ಡಬ್ಬಾಗೆ ಹಾಕುವುದಾದರೆ ಫ್ಯಾನಿನ ಕೆಳಗೆ ಅಗಲವಾಗಿ ಹರಡಿ, ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ.