ಒಂದೇ ಕೋಶ, ಎರಡು ಹಾರ್ಮೋನ್ ದಾರಿ: ಲ್ಯಾಬಿನಲ್ಲಿ ನಾನು ಅಳೆದು ನೋಡಿದ್ದು

ಆಸ್ತಮಾ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಸಾಲ್ಬುಟಮಾಲ್ ಇನ್ಹೇಲರ್ ಎಳೆದರೆ ಕೆಲವೇ ನಿಮಿಷದಲ್ಲಿ ಉಸಿರು ಸಲೀಸಾಗುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಗಂಟೆಗಟ್ಟಲೆ ಕಾಯಬೇಕು. ಸಾಲ್ಬುಟಮಾಲ್ ಹಿಡಿಯುವ ರಿಸೆಪ್ಟರ್ ಕೋಶದ ಹೊರಪೊರೆಯಲ್ಲಿದೆ, ಸ್ಟೀರಾಯ್ಡಿನದ್ದು ಕೋಶದ ಒಳಗಿದೆ. ಆದರೆ ಅಷ್ಟು ಹೊತ್ತು ಎಲ್ಲಿ ಹೋಗುತ್ತದೆ? ಅದನ್ನು ನೋಡಲು ಒಂದೇ ಬಗೆಯ ಕೋಶಕ್ಕೆ ಎರಡನ್ನೂ ಬೇರೆ ಬೇರೆಯಾಗಿ ಕೊಟ್ಟು ಅಳೆದೆ.

ಆರಿಸಿಕೊಂಡದ್ದು ಬಿಯಾಸ್-2ಬಿ, ಅಂದರೆ ಮನುಷ್ಯರ ಶ್ವಾಸನಾಳದ ಒಳಪದರದ ಕೋಶಗಳು. ಇವುಗಳಲ್ಲಿ ಸಾಲ್ಬುಟಮಾಲ್ ಹಿಡಿಯುವ ಬೀಟಾ-2 ರಿಸೆಪ್ಟರೂ ಇದೆ, ಸ್ಟೀರಾಯ್ಡ್ ಹಿಡಿಯುವ ಗ್ಲೂಕೊಕಾರ್ಟಿಕಾಯ್ಡ್ ರಿಸೆಪ್ಟರೂ (ಜಿಆರ್) ಇದೆ. ಈ ಕೋಶಗಳಿಗಾಗಿಯೇ ಮಾರುವ ಮೀಡಿಯಮ್‌ನಲ್ಲಿ ಹೈಡ್ರೋಕಾರ್ಟಿಸೋನ್ ಮೊದಲೇ ಬೆರೆಸಿರುತ್ತಾರೆ. ದನದ ಸೀರಮ್‌ನಲ್ಲೂ ಸ್ಟೀರಾಯ್ಡ್ ಇರುತ್ತದೆ. ಇವು ಇದ್ದರೆ ಜಿಆರ್ ಆಗಲೇ ಕೆಲಸಕ್ಕೆ ಇಳಿದಿರುತ್ತದೆ, ನಾವು ಕೊಡುವ ಔಷಧಿಗೆ ಹೆಚ್ಚಿನ ಏರಿಕೆ ಕಾಣುವುದಿಲ್ಲ. ಹಾಗಾಗಿ ಸಾದಾ ಮೀಡಿಯಮ್‌ನಲ್ಲೇ ಬೆಳೆಸಿ, ಪ್ರಯೋಗದ ಹಿಂದಿನ ರಾತ್ರಿ ಸೀರಮ್ ತೆಗೆದೆ. ಏನೂ ಕೊಡದ ಕೋಶದಲ್ಲಿ ಜಿಆರ್ ಎಲ್ಲಿದೆ ಅಂತ ಆಂಟಿಬಾಡಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿಕೊಳ್ಳಬೇಕು. ಅದು ಆಗಲೇ ನ್ಯೂಕ್ಲಿಯಸ್‌ನಲ್ಲಿ ತುಂಬಿದ್ದರೆ ಮೀಡಿಯಮ್‌ನಲ್ಲಿ ಸ್ಟೀರಾಯ್ಡ್ ಉಳಿದಿದೆ ಎಂದೇ ಅರ್ಥ.

ಒಂದು ಗುಂಪಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 100 ನ್ಯಾನೊಮೋಲಾರ್, ಇನ್ನೊಂದಕ್ಕೆ ಸಾಲ್ಬುಟಮಾಲ್ ಥರವೇ ಬೀಟಾ-2 ರಿಸೆಪ್ಟರ್ ಹಿಡಿಯುವ ಐಸೋಪ್ರೊಟೆರೆನಾಲ್ 1 ಮೈಕ್ರೊಮೋಲಾರ್ ಕೊಟ್ಟೆ. ಐಸೋಪ್ರೊಟೆರೆನಾಲ್ ನೀರಿನಲ್ಲಿ ಕರಗಿಸಿಟ್ಟರೆ ಗಾಳಿ ಬೆಳಕಿಗೆ ಕೆಟ್ಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಚೆಲ್ಲಿಬಿಡಬೇಕು. ನಾನು ಪ್ರತಿಸಲ ಹೊಸದಾಗಿಯೇ ಕರಗಿಸಿಕೊಳ್ಳುತ್ತೇನೆ.

ಐಸೋಪ್ರೊಟೆರೆನಾಲ್ ಕೋಶದ ಒಳಗೆ ಹೋಗುವುದೇ ಬೇಕಿಲ್ಲ. ಹೊರಗೆ ರಿಸೆಪ್ಟರ್ ಹಿಡಿದರೆ ಸಾಕು, ಒಳಗೆ ಜಿ-ಪ್ರೋಟೀನ್ ಮೂಲಕ ಸೈಕ್ಲಿಕ್ ಎಎಂಪಿ ಅನ್ನೋ ಸಂದೇಶವಾಹಕ ಏರುತ್ತದೆ. ಅದು ಪಿಕೆಎ ಅನ್ನೋ ಕಿಣ್ವವನ್ನು ಎಬ್ಬಿಸುತ್ತದೆ. ಪಿಕೆಎ ಹೋಗಿ ನ್ಯೂಕ್ಲಿಯಸ್‌ನಲ್ಲಿ ಮೊದಲೇ ಇರುವ, ಜೀನ್ ಚಾಲು ಮಾಡುವ ಕ್ರೆಬ್ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಹದಿನೈದು ನಿಮಿಷದ ಸ್ಯಾಂಪಲ್‌ನಲ್ಲೇ ಆ ಫಾಸ್ಫೇಟ್ ವೆಸ್ಟರ್ನ್ ಬ್ಲಾಟ್‌ನಲ್ಲಿ ಕಾಣಿಸಿತು. ಕ್ರೆಬ್ ಚಾಲು ಮಾಡುವ ಎನ್‌ಆರ್4ಎ1 ಜೀನಿನ ಎಂಆರ್‌ಎನ್‌ಎ ಒಂದು ಗಂಟೆಗೆ ಏರಿ, ನಾಲ್ಕು ಗಂಟೆಯಷ್ಟರಲ್ಲಿ ಇಳಿದಿತ್ತು. (ಜಿಆರ್ ಥರ ಈ ಎನ್‌ಆರ್4ಎ1 ಕೂಡ ನ್ಯೂಕ್ಲಿಯರ್ ರಿಸೆಪ್ಟರ್ ಕುಟುಂಬದ್ದೇ! ಪೊರೆಯ ಸಂಕೇತ ಆ ಕುಟುಂಬದ ಒಬ್ಬ ಸದಸ್ಯನನ್ನೇ ಹುಟ್ಟಿಸುತ್ತದೆ ಅನ್ನೋದು ನನಗೆ ತುಂಬ ಇಷ್ಟವಾದ ವಿಷಯ.)

ಡೆಕ್ಸಾಮೆಥಾಸೋನ್ ಪೊರೆ ದಾಟಿ ನೇರ ಒಳಗೆ ಬರುತ್ತದೆ. ಅಲ್ಲಿ ಎಚ್‌ಎಸ್‌ಪಿ90 ಅನ್ನೋ ಪ್ರೋಟೀನ್ ಜೊತೆ ಕಾದು ಕೂತಿರುವ ಜಿಆರ್‌ಗೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಜಿಆರ್ ಹೆಚ್ಚುಕಡಿಮೆ ಎಲ್ಲ ನ್ಯೂಕ್ಲಿಯಸ್ ಸೇರಿತ್ತು. ಅಲ್ಲಿ AGAACAnnnTGTTCT ಥರದ ಡಿಎನ್‌ಎ ಜಾಗಗಳನ್ನು ಅದೇ ಹಿಡಿಯುತ್ತದೆ. ಸಂಕೇತ ಹಿಡಿದದ್ದೂ ಅದೇ, ಜೀನ್ ಚಾಲು ಮಾಡೋದೂ ಅದೇ. ನಡುವೆ ಬೇರೆ ಸಂದೇಶವಾಹಕ ಬೇಕಿಲ್ಲ.

ಹಾಗಿದ್ದರೆ ಇದೇ ಬೇಗ ಆಗಬೇಕಿತ್ತು, ಅಲ್ವಾ? ಆದರೆ ಜಿಆರ್ ಚಾಲು ಮಾಡುವ ಎಫ್‌ಕೆಬಿಪಿ5 ಜೀನಿನ ಎಂಆರ್‌ಎನ್‌ಎ ಒಂದು ಗಂಟೆಗೆ ಅಷ್ಟೇನೂ ಏರಿರಲಿಲ್ಲ, ನಾಲ್ಕು ಗಂಟೆಗೆ ಜೋರಾಗಿತ್ತು. ಆಮೇಲೆ ಜೀನಿನ ಆರಂಭದ ಹತ್ತಿರದ ಇಂಟ್ರಾನ್‌ಗೆ ಪ್ರೈಮರ್ ಮಾಡಿಸಿ ಅದೇ ಸ್ಯಾಂಪಲ್‌ಗಳನ್ನು ಮತ್ತೆ ಅಳೆದೆ. ಇಂಟ್ರಾನ್ ಭಾಗ ನಕಲಾದ ಮೇಲೆ ಕತ್ತರಿಸಿ ಹೋಗುತ್ತದೆ, ಹಾಗಾಗಿ ಅದನ್ನು ಅಳೆದರೆ ಆಗಷ್ಟೇ ನಕಲಾಗುತ್ತಿರುವ ಆರ್‌ಎನ್‌ಎ ಸಿಗುತ್ತದೆ. ಅದು ಅರ್ಧ ಗಂಟೆಗೇ ಏರಿತ್ತು! ಎಫ್‌ಕೆಬಿಪಿ5 ಒಂದು ಲಕ್ಷ ಬೇಸ್‌ಗಿಂತ ಉದ್ದದ ಜೀನ್. ಪಾಲಿಮರೇಸ್ ನಿಮಿಷಕ್ಕೆ ಎರಡು ಮೂರು ಸಾವಿರ ಬೇಸ್ ನಕಲು ಮಾಡುತ್ತದೆ. ಕೊನೆ ಮುಟ್ಟಲು ಅರ್ಧ ಗಂಟೆಯ ಮೇಲೇ ಬೇಕು. ಆಮೇಲೆ ಎಂಆರ್‌ಎನ್‌ಎ ಒಟ್ಟುಗೂಡಬೇಕು, ಪ್ರೋಟೀನ್ ತಯಾರಾಗಬೇಕು. ಜಿಆರ್ ತಡ ಮಾಡಿಲ್ಲ, ತಡ ಆಗೋದು ನಕಲು ಮತ್ತು ತಯಾರಿಯಲ್ಲಿ. ಸಾಲ್ಬುಟಮಾಲ್ ಉಸಿರು ಬಿಡಿಸುವಾಗ ಹೊಸ ಜೀನ್ ಓದಬೇಕಿಲ್ಲ, ಸ್ನಾಯುವಿನಲ್ಲಿ ಇರುವ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿದರೆ ಆಯಿತು.

ಸೈಕ್ಲೊಹೆಕ್ಸಿಮೈಡ್ ಹಾಕಿ ಪ್ರೋಟೀನ್ ತಯಾರಿ ನಿಲ್ಲಿಸಿದರೂ ಎಫ್‌ಕೆಬಿಪಿ5 ಏರಿತು. ಇದನ್ನು ನೋಡಿ ಬಹಳ ಜನ 'ನ್ಯೂಕ್ಲಿಯರ್ ರಿಸೆಪ್ಟರ್‌ಗೆ ಸಾಕ್ಷಿ ಸಿಕ್ಕಿತು' ಅಂತ ಬರೆಯುತ್ತಾರೆ. ಅದು ಸಾಲದು. ಕ್ರೆಬ್ ಕೂಡ ಮೊದಲೇ ಇರುವ ಪ್ರೋಟೀನ್, ಹಾಗಾಗಿ ಎನ್‌ಆರ್4ಎ1 ಕೂಡ ಸೈಕ್ಲೊಹೆಕ್ಸಿಮೈಡ್‌ಗೆ ನಿಲ್ಲಲಿಲ್ಲ. ಎರಡನ್ನೂ ಬೇರೆ ಮಾಡಿದ್ದು ತಡೆಮದ್ದುಗಳು. ಬೀಟಾ ರಿಸೆಪ್ಟರ್ ತಡೆಯುವ ಪ್ರೊಪ್ರನೊಲಾಲ್ ಹಾಕಿದಾಗ ಎನ್‌ಆರ್4ಎ1 ಏರಲಿಲ್ಲ, ಎಫ್‌ಕೆಬಿಪಿ5 ಏರಿತು. ಜಿಆರ್ ತಡೆಯುವ ಆರ್‌ಯು486 ಹಾಕಿದಾಗ ಇದು ತಿರುಗುಮುರುಗಾಯಿತು.

ದಾರಿಗಳು ಪೂರ್ತಿ ಬೇರೆಯೂ ಅಲ್ಲ. ಎರಡೂ ಔಷಧಿ ಒಟ್ಟಿಗೆ ಕೊಟ್ಟಾಗ ಆರ್‌ಜಿಎಸ್2 ಜೀನ್ ಒಂದೊಂದೇ ಕೊಟ್ಟಾಗಿನದಕ್ಕಿಂತ ಜಾಸ್ತಿ ಏರಿತು, ಜಾಸ್ತಿ ಹೊತ್ತೂ ಉಳಿಯಿತು. ಈ ಆರ್‌ಜಿಎಸ್2 ಮಾಡುವ ಕೆಲಸ ಏನೆಂದರೆ, ಶ್ವಾಸನಾಳ ಬಿಗಿಯಾಗಿಸುವ ಹಿಸ್ಟಮೀನ್‌ನಂಥವುಗಳ ಪೊರೆ ರಿಸೆಪ್ಟರ್ ಸಂಕೇತಕ್ಕೆ ಬ್ರೇಕ್ ಹಾಕುವುದು. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಬೀಟಾ-2 ರಿಸೆಪ್ಟರ್ ಹಿಡಿಯುವ ಫಾರ್ಮೊಟೆರಾಲ್ ಸೇರಿರುವ ಇನ್ಹೇಲರ್ ಚೆನ್ನಾಗಿ ಕೆಲಸ ಮಾಡಲು ಇದೂ ಒಂದು ಕಾರಣ ಇರಬಹುದು ಅನ್ನೋದು ನನ್ನ ಅನಿಸಿಕೆ. ಈಗ ಅದನ್ನೇ ಶ್ವಾಸನಾಳದ ಸ್ನಾಯು ಕೋಶಗಳಲ್ಲಿ ಅಳೆಯುತ್ತಿದ್ದೇನೆ.