ಒಂದು ಹನಿ, ಒಂದು ವಾಲ್ವ್, ಒಂದು ಸಂಪು: ಆಕಾರಗಳಿಗೆ ಚಲನೆ ಕೊಡುವ ಬಗೆ

ಮಳೆನೀರು ಕೊಯ್ಲಿನಲ್ಲಿ ಮೊದಲ ಮಳೆಯ ನೀರನ್ನು ಏಕೆ ಹೊರಗೆ ಬಿಡಬೇಕು? ಇದನ್ನು ವೃತ್ತ, ಚೌಕ, ಗೆರೆಗಳಿಂದಲೇ ಹದಿನೈದು ಸೆಕೆಂಡಿನ ಅನಿಮೇಷನ್‌ನಲ್ಲಿ ತೋರಿಸೋಣ. ನಾನು ಬಳಸುವುದು ಆಫ್ಟರ್ ಎಫೆಕ್ಟ್ಸ್. ಬೇರೆ ತಂತ್ರಾಂಶವಾದರೆ ಗುಂಡಿಗಳ ಹೆಸರು ಬದಲಾದೀತು, ಕೆಲಸದ ಕ್ರಮ ಬದಲಾಗದು.

ಚಿತ್ರಕ್ಕೂ ಮೊದಲು ಮಾತು ಬರೆಯಿರಿ. ನಮ್ಮದು ಇಷ್ಟೇ: “ಮೊದಲ ಮಳೆ ತಾರಸಿಯ ಧೂಳು, ಎಲೆ, ಹಕ್ಕಿಯ ಹಿಕ್ಕೆಯನ್ನು ತೊಳೆದು ತರುತ್ತದೆ. ಆ ನೀರನ್ನು ಹೊರಗೆ ಬಿಡಿ. ವಾಲ್ವ್ ತಿರುಗಿಸಿದ ಮೇಲೆ ಬರುವ ತಿಳಿನೀರು ಫಿಲ್ಟರ್ ಮೂಲಕ ಸಂಪಿಗೆ ಇಳಿಯುತ್ತದೆ.” ಇದನ್ನು ನಿಧಾನವಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. 1920×1080 ಅಳತೆಯ, ಸೆಕೆಂಡಿಗೆ 25 ಫ್ರೇಮ್‌ಗಳ ಕಾಂಪೊಸಿಷನ್, ಅಂದರೆ ಕೆಲಸದ ಹಾಳೆ, ತೆರೆದು ಧ್ವನಿಯನ್ನು ಟೈಮ್‌ಲೈನ್‌ನಲ್ಲಿ ಇಡಿ. ಇನ್ನು ಮುಂದೆ ಪ್ರತಿ ಚಲನೆಯ ಹೊತ್ತನ್ನು ಆ ಧ್ವನಿಯೇ ಹೇಳುತ್ತದೆ.

ಆಕಾರ ಬರೆಯುವಾಗ ಯಾವ ಲೇಯರ್ ಕೂಡ ಆಯ್ಕೆಯಾಗಿರಬಾರದು. ಆಯ್ಕೆಯಾಗಿದ್ದರೆ ಹೊಸ ಆಕಾರ ಅದೇ ಲೇಯರಿನೊಳಗೆ ಸೇರಿಕೊಳ್ಳುತ್ತದೆ ಅಥವಾ ಅದಕ್ಕೆ ಮಾಸ್ಕ್ ಆಗಿಬಿಡುತ್ತದೆ. ಮನೆಗೆ ಒಂದು ಚೌಕ, ಹನಿಗೆ ಸಣ್ಣ ವೃತ್ತ, ಸಂಪಿಗೆ ನೆಲದಡಿಯ ಆಯತ ಸಾಕು. ವಾಲ್ವ್‌ಗೆ ವೃತ್ತದ ಮೇಲೊಂದು ಅಡ್ಡಪಟ್ಟಿ ಬರೆಯಿರಿ. ಹನಿ, ಅಡ್ಡಪಟ್ಟಿ ಎರಡನ್ನೂ ಒಂದೊಂದಾಗಿ ಬರೆದೊಡನೆ Ctrl+Alt+Home ಒತ್ತಿ, ಆಕಾರ ತಿರುಗಲು, ಹಿಗ್ಗಲು ಆಧಾರವಾಗುವ ಬಿಂದುವಾದ ಆಂಕರ್ ಪಾಯಿಂಟನ್ನು ಅದರ ನಡುವಿಗೆ ತನ್ನಿ.

ಈಗ ಹನಿಯನ್ನು ಬೀಳಿಸೋಣ. P ಒತ್ತಿದರೆ Position ಕಾಣುತ್ತದೆ. ಎರಡನೆಯ ಅಂಕಿ ಎತ್ತರದ್ದು, ಕೆಳಗೆ ಹೋದಂತೆ ಅದು ಹೆಚ್ಚುತ್ತದೆ. ಅದನ್ನು 200ಕ್ಕೆ ಇಟ್ಟು ಗಡಿಯಾರದ ಗುರುತನ್ನು ಒತ್ತಿ: ಈ ಹೊತ್ತಿಗೆ ಹನಿ ಇಲ್ಲಿರಬೇಕು ಎಂದು ಹೇಳುವ ಗುರುತು, ಅಂದರೆ ಮೊದಲ ಕೀಫ್ರೇಮ್, ಸಿದ್ಧ. ಹನ್ನೆರಡು ಫ್ರೇಮ್ ಮುಂದೆ ಹೋಗಿ 680 ಕೊಡಿ; ನಮ್ಮ ಚಿತ್ರದಲ್ಲಿ ತಾರಸಿ ಇರುವುದು ಅಲ್ಲಿ. ಓಡಿಸಿ ನೋಡಿದರೆ ಹನಿ ಬೀಳುವುದಿಲ್ಲ, ಲಿಫ್ಟಿನಂತೆ ಒಂದೇ ವೇಗದಲ್ಲಿ ಇಳಿಯುತ್ತದೆ.

ಹೊಸಬರು ಇಲ್ಲಿ ಎರಡೂ ಕೀಫ್ರೇಮ್ ಹಿಡಿದು F9 ಒತ್ತುತ್ತಾರೆ. ಆಗ ತಪ್ಪು ಇನ್ನೂ ದೊಡ್ಡದಾಗುತ್ತದೆ, ಏಕೆಂದರೆ F9 ಆರಂಭವನ್ನೂ ಕೊನೆಯನ್ನೂ ನಿಧಾನಗೊಳಿಸುತ್ತದೆ. ಹನಿ ತಾರಸಿಗೆ ಹೆದರಿದಂತೆ ಮೆಲ್ಲಗೆ ನಿಲ್ಲುತ್ತದೆ. ಬೀಳುವ ವಸ್ತು ಶುರುವಿನಲ್ಲಿ ಮಾತ್ರ ನಿಧಾನ, ತಾಗುವ ಕ್ಷಣದಲ್ಲಿ ಅತಿ ವೇಗ. ಆದ್ದರಿಂದ ಮೊದಲ ಕೀಫ್ರೇಮಿಗೆ ಮಾತ್ರ Ctrl+Shift+F9 ಒತ್ತಿ, ಕೊನೆಯದನ್ನು ಮುಟ್ಟದಿರಿ.

ಸರಿಯಾಯಿತೇ ಎಂದು ಅಳೆದೇ ನೋಡಬಹುದು. ಬೀಳುವ ವಸ್ತು ಅರ್ಧ ಸಮಯದಲ್ಲಿ ಕಾಲುಭಾಗ ದೂರವನ್ನಷ್ಟೇ ಕ್ರಮಿಸುತ್ತದೆ. ನಮ್ಮ ಒಟ್ಟು ದೂರ 480, ಅದರ ಕಾಲುಭಾಗ 120. ಅಂದರೆ ಆರನೆಯ ಫ್ರೇಮಿನಲ್ಲಿ ಎತ್ತರದ ಅಂಕಿ 320ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಮೊದಲ ಕೀಫ್ರೇಮ್ ಆಯ್ದು Ctrl+Shift+K ಒತ್ತಿ, ಹೊರಹೋಗುವ ಬದಿಯ Influence ಅನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಅಂಕಿ 320ಕ್ಕೆ ಬಂದಾಗ ಹನಿಗೆ ತೂಕ ಬಂದಿರುತ್ತದೆ. ಬಳಿಕ Ctrl+D ಒತ್ತಿ ಹನಿಯ ಪ್ರತಿಗಳನ್ನು ಮಾಡಿ, ಒಂದೊಂದನ್ನೂ ಮೂರೋ ಐದೋ ಫ್ರೇಮ್ ಹಿಂದುಮುಂದು ಸರಿಸಿ. ಅಂತರ ಸಮನಾಗಿದ್ದರೆ ಮಳೆಯ ಬದಲು ನಲ್ಲಿ ಸೋರಿದಂತೆ ಕಾಣುತ್ತದೆ.

ವಾಲ್ವ್‌ನ ಕಥೆ ಬೇರೆ. ಅದನ್ನು ತಿರುಗಿಸುವುದು ಕೈ. ಕೈ ನಿಧಾನವಾಗಿ ಆರಂಭಿಸಿ ನಿಧಾನವಾಗಿ ನಿಲ್ಲಿಸುತ್ತದೆ. ಅಡ್ಡಪಟ್ಟಿಯ Rotation ಅನ್ನು ಹತ್ತು ಫ್ರೇಮಿನಲ್ಲಿ 0ಯಿಂದ 90 ಡಿಗ್ರಿಗೆ ಒಯ್ದು ಎರಡೂ ಕೀಫ್ರೇಮಿಗೆ F9 ಕೊಡಿ. ಧ್ವನಿಯಲ್ಲಿ “ತಿರುಗಿಸಿದ” ಎಂಬ ಪದ ಬರುವುದಕ್ಕೆ ಎರಡು ಫ್ರೇಮ್ ಮೊದಲು ಚಲನೆ ಶುರುವಾದರೆ ಮಾತೂ ನೋಟವೂ ಹೊಂದಿಕೊಳ್ಳುತ್ತವೆ.

ಪೈಪುಗಳನ್ನು ಪೆನ್ ಟೂಲ್‌ನಿಂದ ದಪ್ಪ ಗೆರೆಯಾಗಿ ಬರೆಯಿರಿ. ಹೊರಗೆ ಹೋಗುವ ನೀರಿಗೆ ಕಂದು, ಸಂಪಿಗೆ ಇಳಿಯುವುದಕ್ಕೆ ನೀಲಿ. Add ಪಟ್ಟಿಯಿಂದ Trim Paths ಸೇರಿಸಿ, End ಬೆಲೆಯನ್ನು 0ಯಿಂದ 100ಕ್ಕೆ ಒಯ್ದರೆ ನೀರು ಹರಿದಂತೆ ಕಾಣುತ್ತದೆ.

ಸಂಪಿನ ನೀರಿಗೆ ಮತ್ತೊಂದು ನೀಲಿ ಆಯತ. ಇದರ ಆಂಕರ್ ಪಾಯಿಂಟ್ ನಡುವಿನಲ್ಲಿದ್ದರೆ ನೀರು ಸಂಪಿನ ಮಧ್ಯದಿಂದ ಮೇಲಕ್ಕೂ ಕೆಳಕ್ಕೂ ಹಿಗ್ಗುತ್ತದೆ. Y ಒತ್ತಿ ಆ ಬಿಂದುವನ್ನು ಆಯತದ ತಳದಂಚಿಗೆ ಎಳೆಯಿರಿ. Scaleನ ಸರಪಳಿ ಗುರುತನ್ನು ಬಿಡಿಸಿ, ಎತ್ತರವನ್ನಷ್ಟೇ 0ಯಿಂದ 80ಕ್ಕೆ ಏರಿಸಿ. ಪೈಪಿನ ನೀರು ಸಮವಾಗಿ ಬರುವುದರಿಂದ ಇಲ್ಲಿ ವೇಗದ ಏರಿಳಿತ ಬೇಡ. ಕೀಫ್ರೇಮ್‌ಗಳು ಇದ್ದಂತೆಯೇ ಇರಲಿ.

ಕನ್ನಡ ಹೆಸರುಪಟ್ಟಿಗಳಲ್ಲಿ ಒತ್ತಕ್ಷರಗಳು ಚದುರಿದರೆ, ಅಕ್ಷರಗಳನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು ಹಿನ್ನೆಲೆಯಿಲ್ಲದ PNG ಚಿತ್ರವಾಗಿ ತನ್ನಿ.

ರೆಂಡರ್ ಮಾಡುವ ಮುನ್ನ ಧ್ವನಿ ಮುಚ್ಚಿ ಫ್ರೇಮ್ ಫ್ರೇಮಾಗಿ ನೋಡಿ. ನೀಲಿ ಗೆರೆಯ ತುದಿ ಸಂಪನ್ನು ಮುಟ್ಟುವ ಮುನ್ನವೇ ನೀರು ಏರತೊಡಗಿದ್ದರೆ, Scaleನ ಎರಡೂ ಕೀಫ್ರೇಮ್‌ಗಳನ್ನು ಒಟ್ಟಿಗೆ ಹಿಡಿದು ಆ ತುದಿ ಮುಟ್ಟುವ ಫ್ರೇಮಿಗೆ ಸರಿಸಿ.